ಪ್ರಾಕ್ಸಿಸ್ ಸ್ಕೋರ್ ರಿಪೋರ್ಟ್ ಓದೋದು ಹೇಗೆ, ರೀಸ್ಕೋರ್ ಯಾವಾಗ ಕೇಳ್ಬೇಕು

2023ರಲ್ಲಿ ನ್ಯೂಜೆರ್ಸಿಯ ಎಡಿಸನ್‌ನಲ್ಲಿ ನಮ್ಮ ಪಕ್ಕದ ಅಪಾರ್ಟ್‌ಮೆಂಟಲ್ಲಿದ್ದ ಹುಡುಗಿ ಒಬ್ಳು ಸಂಜೆ ಹೊತ್ತು ಲ್ಯಾಪ್‌ಟಾಪ್ ಎತ್ಕೊಂಡೇ ಮನೆಗೆ ಬಂದ್ಳು. ಹಾಸನದ ಕಡೆಯವಳು, ಅಲ್ಲಿ ಪಿಯು ಕಾಲೇಜಲ್ಲಿ ನಾಲ್ಕು ವರ್ಷ ಬಯಾಲಜಿ ಪಾಠ ಮಾಡಿದ್ಳು, ಇಲ್ಲಿ ವರ್ಕ್ ಪರ್ಮಿಟ್ ಸಿಕ್ಕಿದ್ಮೇಲೆ ಟೀಚರ್ ಸರ್ಟಿಫಿಕೇಶನ್‌ಗೆ ಅಂತ ಪ್ರಾಕ್ಸಿಸ್ ಕೋರ್ ಅನ್ನೋ ರೀಡಿಂಗ್, ರೈಟಿಂಗ್, ಮ್ಯಾಥ್ಸ್‌ನ ಬೇಸಿಕ್ ಸ್ಕಿಲ್ಸ್ ಟೆಸ್ಟ್ ಬರೆದಿದ್ಳು. ರೀಡಿಂಗ್ 168, ರೈಟಿಂಗ್ 158, ಮ್ಯಾಥ್ಸ್ 148. ಆಗ ನ್ಯೂಜೆರ್ಸಿಗೆ ಬೇಕಾಗಿದ್ದು ರೀಡಿಂಗ್‌ಗೆ 156, ರೈಟಿಂಗ್‌ಗೆ 162, ಮ್ಯಾಥ್ಸ್‌ಗೆ 150. "ಅಕ್ಕಾ, ಒಂದ್ರಲ್ಲಿ ನಾಲ್ಕು ಮಾರ್ಕ್ಸು, ಇನ್ನೊಂದ್ರಲ್ಲಿ ಎರಡೇ ಎರಡು. ರೀವ್ಯಾಲ್ಯುಯೇಶನ್ ಹಾಕಿದ್ರೆ ಬಂದೇ ಬರುತ್ತೆ ಅಲ್ವಾ?" ಅಂದ್ಳು.

ಅವಳು ಹಾಗೆ ಕೇಳಿದ್ದು ಸಹಜನೇ. ನಾವೆಲ್ಲ ಪಿಯುಸಿ ರಿಸಲ್ಟ್ ಬಂದಾಗ ಉತ್ತರ ಪತ್ರಿಕೆ ಫೋಟೋಕಾಪಿ ತರಿಸಿ, ಯಾವ ಪ್ರಶ್ನೆಗೆ ಮಾರ್ಕ್ಸ್ ಬಿಟ್ಟಿದಾರೆ ಅಂತ ಹುಡುಕಿ, ರೀಟೋಟಲಿಂಗೋ ರೀವ್ಯಾಲ್ಯುಯೇಶನ್ನೋ ಹಾಕಿ ಬೆಳೆದವ್ರು, ಅಲ್ಲಿ ಅದ್ರಿಂದ ಮಾರ್ಕ್ಸ್ ಹೆಚ್ಚಾಗಿದ್ದನ್ನ ಕಣ್ಣಾರೆ ನೋಡಿದೀವಿ. ಆದ್ರೆ ಇಲ್ಲಿನ ಲೆಕ್ಕ ಬೇರೆ. ನಿಮ್ಮ ಉತ್ತರದ ಕಾಪಿ ಕೈಗೆ ಬರಲ್ಲ, 158 ಅನ್ನೋದು ನೀವು ತೆಗೆದ ಮಾರ್ಕ್ಸೇ ಅಲ್ಲ, ಮತ್ತೆ ಟೆಸ್ಟಿನ ಹೆಚ್ಚಿನ ಭಾಗ ಆಯ್ಕೆ ಪ್ರಶ್ನೆಗಳೇ, ಅಲ್ಲಿ ರೀಸ್ಕೋರ್, ಅಂದ್ರೆ ಅದೇ ಉತ್ತರಗಳನ್ನ ಮತ್ತೆ ನೋಡಿಸೋದು, ಮಾಡೋಕೆ ಯಾರ ಅಭಿಪ್ರಾಯನೂ ಇರಲ್ಲ. ಇದು ಗೊತ್ತಿಲ್ದೆ ಫೀಸ್ ಕಟ್ಟಿ ವಾರಗಟ್ಲೆ ಕಾಯ್ತಾ ಕೂತವ್ರನ್ನ ನೋಡಿ ನಂಗೆ ನಿಜವಾಗ್ಲೂ ಬೇಜಾರಾಗಿದೆ, ಹಂಗಾಗಿ ಅವತ್ತು ಆ ರಿಪೋರ್ಟನ್ನ ಇಬ್ರೂ ಕೂತು ಯಾವ ಕ್ರಮದಲ್ಲಿ ಓದಿದ್ವೋ ಅದೇ ಕ್ರಮದಲ್ಲಿ ಬರೀತಿದೀನಿ.

ಒಂದು ಮಾತು ಮೊದ್ಲೇ. ನ್ಯೂಜೆರ್ಸಿಯವ್ರು 2025ರ ಜನವರಿ 1ರಿಂದ ಈ ಬೇಸಿಕ್ ಸ್ಕಿಲ್ಸ್ ಟೆಸ್ಟನ್ನೇ ತೆಗೆದುಹಾಕಿದಾರೆ, ಈಗ ಅಲ್ಲಿ ಸರ್ಟಿಫಿಕೇಟ್‌ಗೆ ಕೋರ್ ಬೇಕಾಗಿಲ್ಲ, ಸಬ್ಜೆಕ್ಟ್ ಟೆಸ್ಟ್ ಮಾತ್ರ ಇದೆ. ಬೇರೆ ಎಷ್ಟೋ ರಾಜ್ಯಗಳಲ್ಲಿ ಕೋರ್ ಇನ್ನೂ ಇದೆ, ಮತ್ತೆ ಸಬ್ಜೆಕ್ಟ್ ಟೆಸ್ಟಿನ ರಿಪೋರ್ಟ್ ಓದೋ ರೀತಿನೂ ಇದೇ. ಟೆಸ್ಟ್ ಫೀಸ್ ಕಟ್ಟೋಕೆ ಮುಂಚೆ ನಿಮ್ಮ ರಾಜ್ಯದ ಎಜುಕೇಶನ್ ಡಿಪಾರ್ಟ್‌ಮೆಂಟ್ ಪೇಜಲ್ಲಿ ಈಗ ಏನು ಕೇಳ್ತಿದಾರೆ ಅಂತ ನೋಡ್ಕೊಳಿ, ಎರಡು ವರ್ಷದ ಹಿಂದೆ ಬರೆದವ್ರು ಹೇಳಿದ್ದನ್ನ ನಂಬ್ಕೊಂಡು ಹೋಗ್ಬೇಡಿ.

ಮೊದಲು ನೋಡ್ಬೇಕಾದ್ದು: ಸ್ಕೋರು, ರೇಂಜು, ರಾಜ್ಯದ ಗೆರೆ

ರಿಪೋರ್ಟ್ ತೆಗೆದ ತಕ್ಷಣ ಕಣ್ಣು ಹೋಗೋದು ದೊಡ್ಡ ನಂಬರ್ ಕಡೆ, ಅದನ್ನೇ ಸ್ಕೇಲ್ಡ್ ಸ್ಕೋರ್ ಅನ್ನೋದು. ಅದ್ರ ಜೊತೆ ಸಾಧ್ಯವಿರೋ ಸ್ಕೋರ್ ರೇಂಜ್ ಅಂತ ಒಂದಿರುತ್ತೆ, ಕೋರ್‌ಗೆ ಅದು 100ರಿಂದ 200. ಅಂದ್ರೆ ಏನೂ ಬರೀದೆ ಇದ್ರೂ ಸೊನ್ನೆ ಬರಲ್ಲ, 100 ಬರುತ್ತೆ. ಇದೊಂದನ್ನ ಅರ್ಥ ಮಾಡ್ಕೊಂಡ್ರೆ ಅರ್ಧ ಗೊಂದಲ ಹೋಗುತ್ತೆ. ನಮ್ಮ ಹುಡುಗಿ "148 ಅಂದ್ರೆ 200ಕ್ಕೆ 74 ಪರ್ಸೆಂಟ್, ಡಿಸ್ಟಿಂಕ್ಷನ್ ಹತ್ರ ಬಂದು ಫೇಲ್ ಆಗೋದು ಎಲ್ಲಾದ್ರೂ ಉಂಟಾ" ಅಂತ ಅಳೋ ಹಂಗಾಗಿದ್ಳು. 74 ಪರ್ಸೆಂಟ್ ಅಲ್ಲ ಅದು. 100ರಿಂದ ಶುರುವಾಗೋ ಅಳತೆಯಲ್ಲಿ 148 ಅಂದ್ರೆ ಹತ್ತಿರ ಹತ್ತಿರ ನಡು ಭಾಗ, ಹಂಗಂತ ಅರ್ಧ ಪ್ರಶ್ನೆ ಸರಿ ಮಾಡಿದ್ದಾಳೆ ಅಂತನೂ ಅಲ್ಲ. ಆ ನಂಬರಿಂದ ಪರ್ಸೆಂಟೇಜ್ ತೆಗೆಯೋ ಪ್ರಯತ್ನನೇ ಬೇಡ.

ಆಮೇಲೆ ಪಾಸಿಂಗ್ ಸ್ಕೋರ್. ಇದನ್ನ ಟೆಸ್ಟ್ ನಡೆಸೋ ಇಟಿಎಸ್ ಸಂಸ್ಥೆ ತೀರ್ಮಾನ ಮಾಡಲ್ಲ, ಪ್ರತಿ ರಾಜ್ಯನೂ ತಾನೇ ಇಟ್ಕೊಳ್ಳುತ್ತೆ. 156, 162, 150 ಅನ್ನೋದು ಹಲವು ರಾಜ್ಯದ ಟೀಚರ್‌ಗಳು, ಟೀಚರ್ ಟ್ರೈನಿಂಗ್ ಕಾಲೇಜಿನವ್ರು ಸೇರಿದ ಪ್ಯಾನಲ್ ನೋಡಿ ಶಿಫಾರಸು ಮಾಡಿದ ನಂಬರ್, ತುಂಬಾ ರಾಜ್ಯಗಳು ಅದನ್ನೇ ಹಾಗೇ ತಗೊಂಡ್ವು, ಇನ್ನು ಕೆಲವು ಕಮ್ಮಿ ಮಾಡ್ಕೊಂಡ್ವು. ಹಂಗಾಗಿ ಒಂದೇ 160 ಒಂದು ರಾಜ್ಯದಲ್ಲಿ ಫೇಲು, ಗಡಿ ದಾಟಿ ಪಕ್ಕಕ್ಕೆ ಹೋದ್ರೆ ಪಾಸು ಆಗೋದೂ ಇದೆ. ಗಂಡನ ಪ್ರಾಜೆಕ್ಟ್ ಬದಲಾಗಿ ರಾಜ್ಯ ಬಿಟ್ಟು ರಾಜ್ಯಕ್ಕೆ ಹೋಗೋ ನಮ್ಮವ್ರಿಗೆ ಇದು ಬರೀ ಮಾಹಿತಿ ಅಲ್ಲ, ಹಳೇ ಸ್ಕೋರನ್ನ ಎಸೀಬಾರ್ದು ಅನ್ನೋದಕ್ಕೆ ಕಾರಣ. ಪ್ರಾಕ್ಸಿಸ್ ಸ್ಕೋರನ್ನ ಹತ್ತು ವರ್ಷದವರೆಗೂ ಕಳಿಸಬಹುದು.

ಇಲ್ಲೇ ಇನ್ನೊಂದು ವಿಷ್ಯ ನೋಡ್ಕೊಳಿ. ಕೆಲವು ರಾಜ್ಯಗಳು ಗೆರೆಯ ಸ್ವಲ್ಪ ಕೆಳಗಿದ್ದವ್ರಿಗೂ ದಾರಿ ಇಟ್ಟಿರ್ತಾವೆ. ನ್ಯೂಜೆರ್ಸಿಯಲ್ಲೇ ಸಬ್ಜೆಕ್ಟ್ ಟೆಸ್ಟ್‌ಗೆ ಜಿಪಿಎ 3.5 ಅಥವಾ ಅದಕ್ಕಿಂತ ಜಾಸ್ತಿ ಇದ್ದು ಸ್ಕೋರು ಪಾಸಿಂಗ್‌ಗಿಂತ 5 ಪರ್ಸೆಂಟ್ ಒಳಗೆ ಕಮ್ಮಿ ಇದ್ರೆ ಒಪ್ಕೊಳ್ಳೋ ನಿಯಮ ಇತ್ತು. ಇನ್ನು ಕೆಲವು ಕಡೆ ಮೂರೂ ಭಾಗದ ಸ್ಕೋರ್ ಕೂಡಿಸಿ ಕಾಂಪೋಸಿಟ್ ನೋಡೋ ಪದ್ಧತಿ. ರೀಸ್ಕೋರ್ ಫಾರ್ಮ್ ತುಂಬೋ ಮುಂಚೆ ನಿಮ್ಮ ರಾಜ್ಯದ ಲೈಸೆನ್ಸಿಂಗ್ ಆಫೀಸಿಗೆ ಒಂದು ಮೇಲ್ ಹಾಕಿ ಕೇಳಿ, ಅದಕ್ಕೆ ಖರ್ಚಿಲ್ಲ.

ಸ್ಕೇಲ್ಡ್ ಸ್ಕೋರ್ ಎಲ್ಲಿಂದ ಬರುತ್ತೆ

ನೀವು ಬರೆದ ಪೇಪರ್ರೂ ಪಕ್ಕದ ಕುರ್ಚಿಯವ್ಳು ಬರೆದ ಪೇಪರ್ರೂ ಒಂದೇ ಆಗಿರ್ಬೇಕು ಅಂತಿಲ್ಲ. ವರ್ಷ ಪೂರ್ತಿ ಟೆಸ್ಟ್ ನಡೆಯುತ್ತೆ, ಒಂದೇ ಪ್ರಶ್ನೆಗಳು ಇಟ್ರೆ ಎಲ್ರಿಗೂ ಗೊತ್ತಾಗ್ಬಿಡುತ್ತೆ, ಅದಕ್ಕೆ ಒಂದೇ ಟೆಸ್ಟಿಗೆ ಹಲವು ಬೇರೆ ಬೇರೆ ಪೇಪರ್ ಇರ್ತಾವೆ, ಒಂದೊಂದಕ್ಕೂ ಫಾರ್ಮ್ ಅಂತಾರೆ. ಎಷ್ಟೇ ಹುಷಾರಾಗಿ ಮಾಡಿದ್ರೂ ಒಂದು ಫಾರ್ಮು ಒಂಚೂರು ಸುಲಭ, ಇನ್ನೊಂದು ಒಂಚೂರು ಕಷ್ಟ ಆಗೇ ಆಗುತ್ತೆ.

ಲೆಕ್ಕಕ್ಕೆ ಅಂತ ನಾನೇ ಒಂದು ಉದಾಹರಣೆ ಮಾಡ್ಕೋತೀನಿ, ಇವು ನಿಜವಾದ ಪೇಪರಿನ ನಂಬರ್ ಅಲ್ಲ. ಎರಡು ಫಾರ್ಮಲ್ಲೂ ಲೆಕ್ಕಕ್ಕೆ ಬರೋ ಪ್ರಶ್ನೆ 50 ಅಂತಿಟ್ಕೊಳಿ. ಎರಡರಲ್ಲೂ ಕೆಲವು ಪ್ರಶ್ನೆ ಒಂದೇ ಇರ್ತಾವೆ. ಆ ಒಂದೇ ಥರದ ಪ್ರಶ್ನೆಗಳಲ್ಲಿ ಎರಡು ಗುಂಪಿನವ್ರೂ ಸರಿಸಮ ಮಾಡಿದಾರೆ, ಅಂದ್ರೆ ಗುಂಪುಗಳ ಶಕ್ತಿ ಒಂದೇ. ಆದ್ರೆ ಉಳಿದ ಪ್ರಶ್ನೆಗಳಲ್ಲಿ ಎರಡನೇ ಗುಂಪು ಸರಾಸರಿ ಮೂರು ಕಮ್ಮಿ ಮಾಡಿದೆ. ಹಂಗಾದ್ರೆ ಎರಡನೇ ಫಾರ್ಮೇ ಮೂರು ಪ್ರಶ್ನೆಯಷ್ಟು ಕಷ್ಟ ಇತ್ತು ಅಂತ ಅರ್ಥ. ಆಗ ಮೊದಲನೇ ಫಾರ್ಮಲ್ಲಿ 36 ಸರಿ ಮಾಡಿದವ್ಳಿಗೂ ಎರಡನೇದ್ರಲ್ಲಿ 33 ಸರಿ ಮಾಡಿದವ್ಳಿಗೂ ಒಂದೇ 150 ಕೊಡ್ತಾರೆ. ಇದಕ್ಕೆ ಈಕ್ವೇಟಿಂಗ್ ಅಂತಾರೆ. "ನಂಗೆ ಕಷ್ಟದ ಪೇಪರ್ ಬಂತು, ಅದಕ್ಕೇ ಹೋಯ್ತು" ಅನ್ನೋ ದೂರನ್ನ ಸ್ಕೋರ್ ಕೊಡೋ ಮುಂಚೇನೇ ಲೆಕ್ಕಕ್ಕೆ ತಗೊಂಡಿರ್ತಾರೆ, ಹಂಗಾಗಿ ರೀಸ್ಕೋರ್ ಕೇಳೋಕೆ ಅದು ಕಾರಣ ಆಗಲ್ಲ.

ಇದ್ರ ಜೊತೆಗೆ ಪೇಪರಲ್ಲಿ ಲೆಕ್ಕಕ್ಕೇ ಬರದ ಪ್ರಶ್ನೆಗಳೂ ಇರಬಹುದು, ಮುಂದಿನ ಟೆಸ್ಟ್‌ಗಳಿಗೆ ಅಂತ ಪರೀಕ್ಷೆ ಮಾಡ್ತಿರೋ ಹೊಸ ಪ್ರಶ್ನೆಗಳು. ಮ್ಯಾಥ್ಸ್‌ನಲ್ಲಿ 56 ಪ್ರಶ್ನೆ ಕೊಟ್ಟಿರ್ತಾರೆ, ರಿಪೋರ್ಟಲ್ಲಿ ಕೂಡಿಸಿ ನೋಡಿದ್ರೆ ಅಷ್ಟು ಬರಲ್ಲ, ಆಗ "ನನ್ನ ಕೆಲವು ಉತ್ತರ ಕಳೆದು ಹೋಗಿದೆ" ಅಂತ ಗಾಬರಿ ಆಗ್ಬೇಡಿ. ಯಾವುದು ಲೆಕ್ಕಕ್ಕಿಲ್ಲ ಅಂತ ಟೆಸ್ಟ್ ಬರೆಯೋವಾಗ ಗೊತ್ತಾಗಲ್ಲ, ತಪ್ಪು ಉತ್ತರಕ್ಕೆ ಮಾರ್ಕ್ಸ್ ಕಳೆಯೋದೂ ಇಲ್ಲ, ಹಂಗಾಗಿ ಯಾವುದನ್ನೂ ಖಾಲಿ ಬಿಡಬಾರ್ದು.

150 ಅನ್ನೋ ಗೆರೆ ಯಾಕೆ ಅಲ್ಲೇ ಇದೆ

ನಾವು ಓದೋವಾಗ ಪಾಸಾಗೋಕೆ 35 ಅಂತ ಒಂದು ನಂಬರ್ ಮೊದ್ಲೇ ಇತ್ತು, ಪೇಪರ್ ಸುಲಭ ಇದ್ರೂ 35, ಕಷ್ಟ ಇದ್ರೂ 35. ಇಲ್ಲಿ ಉಲ್ಟಾ, ಪೇಪರ್ ನೋಡಿ ಗೆರೆ ಎಳೀತಾರೆ. ಪ್ಯಾನಲಲ್ಲಿ ಕೂತ ಟೀಚರ್‌ಗಳು ಮೊದ್ಲು ಒಬ್ಬ ಅಭ್ಯರ್ಥಿನ ಮನಸ್ಸಲ್ಲಿ ಇಟ್ಕೋತಾರೆ, ತುಂಬಾ ಬುದ್ಧಿವಂತ ಅಲ್ಲ, ತೀರಾ ವೀಕೂ ಅಲ್ಲ, ಟೀಚರ್ ಕೆಲ್ಸಕ್ಕೆ ಕಾಲಿಡೋಕೆ ಬೇಕಾದಷ್ಟು ಮಾತ್ರ ಬಲ್ಲವನು. ಆಮೇಲೆ ಒಂದೊಂದೇ ಪ್ರಶ್ನೆ ತಗೊಂಡು, ಅಂಥ ನೂರು ಜನಕ್ಕೆ ಈ ಪ್ರಶ್ನೆ ಕೊಟ್ರೆ ಎಷ್ಟು ಜನ ಸರಿ ಮಾಡ್ತಾರೆ ಅಂತ ಪ್ರತಿಯೊಬ್ರೂ ಅಂದಾಜು ಬರೀತಾರೆ. ಒಂದು ಪ್ರಶ್ನೆಗೆ 80, ಇನ್ನೊಂದಕ್ಕೆ 45, ಹೀಗೆ. ಎಲ್ಲಾ ಪ್ರಶ್ನೆಗಳ ಅಂದಾಜನ್ನ ಕೂಡಿಸಿದ್ರೆ ಆ ಅಭ್ಯರ್ಥಿಗೆ ಎಷ್ಟು ಬರಬಹುದು ಅಂತ ಸಿಗುತ್ತೆ. ನನ್ನ ಉದಾಹರಣೆಯ ಕಷ್ಟದ ಫಾರ್ಮಲ್ಲಿ ಅದು 33 ಬಂತು ಅಂತಿಟ್ಕೊಳಿ, ಆ 33 ಸ್ಕೇಲಲ್ಲಿ ಎಲ್ಲಿ ಕೂರುತ್ತೋ ಅದೇ ಶಿಫಾರಸು. ಈ ವಿಧಾನಕ್ಕೆ ಆಂಗಾಫ್ ಅಂತ ಹೆಸರು, ನರ್ಸಿಂಗಿಂದ ಹಿಡಿದು ಐಟಿ ಸರ್ಟಿಫಿಕೇಶನ್‌ವರೆಗೂ ತುಂಬಾ ಕಡೆ ಇದ್ರದ್ದೇ ಬೇರೆ ಬೇರೆ ರೂಪ ಬಳಸ್ತಾರೆ.

ಹಂಗಾಗಿ ರೀಡಿಂಗಿನ 156ನ್ನೂ ಮ್ಯಾಥ್ಸಿನ 150ನ್ನೂ ಅಕ್ಕಪಕ್ಕ ಇಟ್ಟು ಮ್ಯಾಥ್ಸ್ ಪಾಸಾಗೋದು ಸುಲಭ ಅನ್ನೋಕಾಗಲ್ಲ. ಒಂದೊಂದು ಟೆಸ್ಟಿಗೆ ಒಂದೊಂದು ಸ್ಕೇಲು, ನಂಬರ್ ನೋಡೋಕೆ ಒಂದೇ ಥರ ಇದ್ರೂ ಹೋಲಿಸೋಕೆ ಬರಲ್ಲ.

ರಿಪೋರ್ಟಿನ ಕೆಳಗಿನ ಭಾಗ

ಎಲ್ರೂ ಮೇಲಿನ ನಂಬರ್ ನೋಡಿ ಪಿಡಿಎಫ್ ಮುಚ್ಚಿಬಿಡ್ತಾರೆ, ನಿಜವಾದ ಉಪಯೋಗ ಇರೋದು ಕೆಳಗಿನ ಕೆಟಗರಿ ಪಟ್ಟಿಯಲ್ಲಿ. ಅಲ್ಲಿ ಪ್ರತಿ ಕೆಟಗರಿಗೂ ನಿಮಗೆ ಬಂದ ರಾ ಪಾಯಿಂಟ್ಸ್, ಅಂದ್ರೆ ಸ್ಕೇಲಿಗೆ ಹಾಕೋ ಮುಂಚಿನ ಪಾಯಿಂಟ್ಸ್, ಒಟ್ಟು ಎಷ್ಟಿತ್ತು, ಮತ್ತೆ ಆವರೇಜ್ ಪರ್ಫಾರ್ಮೆನ್ಸ್ ರೇಂಜ್ ಅಂತ ಇರುತ್ತೆ. ಈ ರೇಂಜ್ ಅಂದ್ರೆ ಟೆಸ್ಟ್ ಬರೆದವ್ರಲ್ಲಿ ಮೇಲಿನ ಕಾಲು ಭಾಗ, ಕೆಳಗಿನ ಕಾಲು ಭಾಗ ಬಿಟ್ಟು ನಡುವಿನ ಅರ್ಧ ಜನ ಎಲ್ಲಿಂದ ಎಲ್ಲಿವರೆಗೆ ತೆಗೆದ್ರು ಅಂತ. ಇದು ಪಾಸಿಂಗ್ ರೇಂಜ್ ಅಲ್ಲ, ಇದ್ರೊಳಗೆ ಇದ್ರೂ ಫೇಲ್ ಆಗಬಹುದು. ತುಂಬಾ ಜನ ಇಲ್ಲೇ ಎಡವ್ತಾರೆ.

ನಮ್ಮ ಹುಡುಗಿಯ ರೈಟಿಂಗ್ ಪಟ್ಟಿ ನೋಡಿದ್ವಿ. ಕೋರ್ ರೈಟಿಂಗ್‌ನಲ್ಲಿ 40 ಆಯ್ಕೆ ಪ್ರಶ್ನೆ, ಜೊತೆಗೆ ಎರಡು ಎಸ್ಸೆ, ಒಂದೊಂದಕ್ಕೆ ಅರ್ಧ ಗಂಟೆ. ಒಂದು ಎಸ್ಸೆಯಲ್ಲಿ ನಿಮ್ಮ ನಿಲುವು ತಗೊಂಡು ವಾದ ಮಾಡ್ಬೇಕು, ಇನ್ನೊಂದ್ರಲ್ಲಿ ಕೊಟ್ಟಿರೋ ಎರಡು ಬರಹ ಓದಿ ಅವುಗಳನ್ನ ಬಳಸಿ ವಿವರಿಸ್ಬೇಕು. ಎಸ್ಸೆಗಳು ಸೇರಿರೋ ಕೆಟಗರಿಯಲ್ಲಿ ಅವಳು ರೇಂಜಿನ ಸರಿಯಾಗಿ ಮಧ್ಯ ಇದ್ಳು. ಬರೀ ಆಯ್ಕೆ ಪ್ರಶ್ನೆಗಳೇ ಇರೋ ಭಾಷೆ, ವ್ಯಾಕರಣದ ಕೆಟಗರಿಯಲ್ಲಿ 30ಕ್ಕೆ 18, ರೇಂಜ್ 19ರಿಂದ 24. ಅಂದ್ರೆ ಅವಳು ಯಾವ ಎಸ್ಸೆ ಮೇಲೆ ಅನುಮಾನ ಪಟ್ಟು ಬಂದಿದ್ಳೋ ಅದು ಚೆನ್ನಾಗೇ ಇತ್ತು, ಹೋಗಿದ್ದು ಕಾಮಾ, ಪ್ರೊನೌನ್, ವಾಕ್ಯದ ತಪ್ಪು ಹುಡುಕೋ ಪ್ರಶ್ನೆಗಳಲ್ಲಿ. ನಮ್ಮ ಕಡೆ ಇಂಗ್ಲಿಷ್ ಓದಿದವ್ರಿಗೆ ಇದು ತುಂಬಾ ಸಲ ಆಗೋದೇ, ಬರೆಯೋಕೆ ಬರುತ್ತೆ, ಆದ್ರೆ ಅಮೆರಿಕದ ಶಾಲೆಗಳಲ್ಲಿ ಚಿಕ್ಕಂದಿನಿಂದ ಹೇಳಿಕೊಡೋ ಕಾಮಾ ನಿಯಮಗಳನ್ನ ನಾವು ಯಾವತ್ತೂ ಕೂತು ಕಲ್ತಿರಲ್ಲ.

ರೀಸ್ಕೋರ್ ಏನನ್ನ ಬದಲಾಯಿಸಬಲ್ಲದು

ಇಡೀ ಲೇಖನದಲ್ಲಿ ಒಂದೇ ಒಂದು ವಿಷ್ಯ ನೆನಪಿಟ್ಕೋಬೇಕು ಅಂದ್ರೆ ನಾನು ಇದನ್ನೇ ಹೇಳೋದು. ನಿಮ್ಮ ಸ್ಕೋರಲ್ಲಿ ಅಲುಗಾಟ ಇದ್ದೇ ಇರುತ್ತೆ, ಆದ್ರೆ ಅದು ಬರೋದು ಎರಡು ಕಡೆಯಿಂದ.

ಒಂದು, ಪ್ರಶ್ನೆಗಳಿಂದ. ಅವತ್ತು ನಿಮಗೆ ಸಿಕ್ಕಿದ ಪ್ರಶ್ನೆಗಳ ಬದಲು ಬೇರೆ ಪ್ರಶ್ನೆ ಸಿಕ್ಕಿದ್ರೆ, ಅಥವಾ ಹಿಂದಿನ ರಾತ್ರಿ ಮಗು ನಿದ್ದೆ ಮಾಡೋಕೆ ಬಿಟ್ಟಿದ್ರೆ, ಓದಿದ್ದು ಅಷ್ಟೇ ಆಗಿದ್ರೂ ಸ್ಕೋರು ನಾಲ್ಕೈದು ಮೇಲೋ ಕೆಳಗೋ ಹೋಗಬಹುದಿತ್ತು. ಇನ್ನೊಂದು, ಎಸ್ಸೆ ನೋಡಿದವ್ರಿಂದ. ಒಂದೇ ಎಸ್ಸೆಗೆ ಒಂದು ಕಡೆ 4, ಇನ್ನೊಂದು ಕಡೆ 3 ಬೀಳಬಹುದು. ಇಟಿಎಸ್ ತನ್ನ ಟೆಸ್ಟ್‌ಗಳಿಗೆ ಈ ಎರಡು ಅಂಕಿಗಳನ್ನೂ ಪಟ್ಟಿ ಮಾಡಿ ಪ್ರಕಟಿಸುತ್ತೆ, ಮೊದಲನೇದು ಸ್ಟ್ಯಾಂಡರ್ಡ್ ಎರರ್ ಆಫ್ ಮೆಷರ್‌ಮೆಂಟ್, ಅದ್ರಲ್ಲಿ ಎರಡೂ ಕಾರಣ ಸೇರಿರುತ್ತೆ, ಎರಡನೇದು ಸ್ಟ್ಯಾಂಡರ್ಡ್ ಎರರ್ ಆಫ್ ಸ್ಕೋರಿಂಗ್, ಅದ್ರಲ್ಲಿ ನೋಡಿದವ್ರಿಂದ ಬರೋ ಅಲುಗಾಟ ಮಾತ್ರ.

ರೀಸ್ಕೋರ್ ಮುಟ್ಟೋಕೆ ಆಗೋದು ಎರಡನೇದನ್ನ ಮಾತ್ರ. ನೀವು ಬರೆದ ಅದೇ ಉತ್ತರಗಳು, ಅದೇ ಪ್ರಶ್ನೆಗಳು, ನೋಡೋ ಕಣ್ಣು ಮಾತ್ರ ಬೇರೆ. ಬರೀ ಆಯ್ಕೆ ಪ್ರಶ್ನೆ ಇರೋ ಟೆಸ್ಟಲ್ಲಿ ನೋಡೋ ಕಣ್ಣೇ ಇಲ್ಲ, ನೀವು ಒತ್ತಿದ್ದು ಬಿ, ಸರಿ ಉತ್ತರ ಸಿ, ಹತ್ತು ಸಲ ನೋಡಿದ್ರೂ ಅದೇ. ಹಂಗಾಗಿ ಮ್ಯಾಥ್ಸ್ 148 ಗೆರೆಗೆ ಎಷ್ಟೇ ಹತ್ರ ಇದ್ರೂ ಅಲ್ಲಿ ರೀಸ್ಕೋರಿಗೆ ಜಾಗನೇ ಇಲ್ಲ. "ಎರಡು ಮಾರ್ಕ್ಸ್ ಕಮ್ಮಿ ಅಲ್ವಾ" ಅನ್ನೋದು ರೀಟೇಕ್ ಮಾಡೋಕೆ ಒಳ್ಳೇ ಕಾರಣ, ಯಾಕಂದ್ರೆ ಇನ್ನೊಂದು ಒಂದೋ ಎರಡೋ ಪ್ರಶ್ನೆ ಸರಿ ಆದ್ರೆ ಸಾಕು. ರೀಸ್ಕೋರಿಗೆ ಅದು ಕಾರಣನೇ ಅಲ್ಲ. ಹತ್ರ ಇರೋದು ಬೇರೆ, ತಪ್ಪಾಗಿ ಸ್ಕೋರ್ ಆಗಿರೋದು ಬೇರೆ.

ಇದೇ ಮಾತು ಬೇರೆ ಸರ್ಟಿಫಿಕೇಶನ್‌ಗೂ ನಿಲ್ಲುತ್ತೆ. ಬೆಂಗಳೂರಲ್ಲಿ ನನ್ನ ತಮ್ಮ ಅಮೆಜಾನ್ ಕ್ಲೌಡಿನ ಸರ್ಟಿಫಿಕೇಶನ್ ಆದ ಎಡಬ್ಲ್ಯುಎಸ್ ಸೊಲ್ಯೂಷನ್ಸ್ ಆರ್ಕಿಟೆಕ್ಟ್ ಅಸೋಸಿಯೇಟ್ ಬರೆದಾಗ 720 ಬೇಕಿತ್ತು, ಅವನಿಗೆ 708 ಬಂತು. ಅಲ್ಲಿ ಸ್ಕೇಲು 100ರಿಂದ 1000, ಪ್ರಶ್ನೆ 65, ಅದ್ರಲ್ಲಿ 15 ಲೆಕ್ಕಕ್ಕೇ ಇಲ್ಲ. ಪೂರ್ತಿ ಆಯ್ಕೆ ಪ್ರಶ್ನೆಗಳೇ ಇರೋ ಟೆಸ್ಟು, ಮರು ಪರಿಶೀಲನೆ ಬಗ್ಗೆ ಯೋಚ್ನೆ ಮಾಡೋದಕ್ಕೇ ಏನಿಲ್ಲ, 14 ದಿನ ಕಾದು ಮತ್ತೆ ಬರೀ ಅಂದೆ.

ಹಂಗಾದ್ರೆ ರೀಸ್ಕೋರ್ ಯಾವಾಗ ಸರಿ

ಎಸ್ಸೆ ಅಥವಾ ಬರೆದು ಉತ್ತರಿಸೋ ಪ್ರಶ್ನೆ ಇರೋ ಟೆಸ್ಟ್ ಆಗಿರ್ಬೇಕು, ಇದು ಮೊದಲ ಷರತ್ತು. ಅದಾದ್ಮೇಲೆ ಕೆಟಗರಿ ಪಟ್ಟಿಯಲ್ಲಿ ಒಂದು ವಿಚಿತ್ರ ಕಾಣ್ಬೇಕು, ಆಯ್ಕೆ ಪ್ರಶ್ನೆಗಳಲ್ಲಿ ನೀವು ರೇಂಜಿಗಿಂತ ಮೇಲಿದೀರಿ, ಎಸ್ಸೆ ಕೆಟಗರಿಯಲ್ಲಿ ಮಾತ್ರ ರೇಂಜಿಗಿಂತ ಕೆಳಗೆ ಬಿದ್ದಿದೀರಿ. ಬರೀ ಇದೊಂದೇ ಸಾಲ್ದು, ವ್ಯಾಕರಣ ಚೆನ್ನಾಗಿ ಬಂದು ಎಸ್ಸೆ ಕಟ್ಟೋಕೆ ಬಾರದವ್ರು ಬೇಕಾದಷ್ಟು ಜನ ಇದಾರೆ. ಅದಕ್ಕೆ ಟೆಸ್ಟ್ ಮುಗಿಸಿ ಬಂದ ದಿನನೇ ಒಂದು ಕೆಲ್ಸ ಮಾಡಿ, ಗುಟ್ಟಾಗಿರ್ಬೇಕಾದ ಪ್ರಶ್ನೆನ ಬರ್ಕೋಬೇಡಿ, ಆದ್ರೆ ನಿಮ್ಮ ಎಸ್ಸೆ ಬಗ್ಗೆ ನಿಮಗೋಸ್ಕರ ನೆನಪು ಮಾಡ್ಕೊಳಿ. ಸಮಯದೊಳಗೆ ಮುಗಿಸಿದ್ರಾ, ಕೊನೇ ಪ್ಯಾರಾ ಬರೆದ್ರಾ, ಎರಡನೇ ಎಸ್ಸೆಯಲ್ಲಿ ಕೊಟ್ಟಿದ್ದ ಎರಡೂ ಬರಹಗಳನ್ನ ಬಳಸಿದ್ರಾ, ಯಾವುದು ಯಾರ ಮಾತು ಅಂತ ಹೇಳಿದ್ರಾ. ಈ ಎರಡನೇ ಎಸ್ಸೆಯಲ್ಲಿ ಒಂದೇ ಬರಹ ಬಳಸಿ ಇನ್ನೊಂದು ಬಿಟ್ಟವ್ರಿಗೆ ಸ್ಕೋರು ಕೆಳಗೆ ಬರೋದು ನಿಯಮದ ಪ್ರಕಾರನೇ, ಭಾಷೆ ಎಷ್ಟೇ ಚೆನ್ನಾಗಿರ್ಲಿ. ಹಾಗೆ ಆಗಿದ್ರೆ ರೀಸ್ಕೋರ್ ಮಾಡೋರೂ ಅದನ್ನೇ ನೋಡ್ತಾರೆ.

ಮೂರನೇದು ಅಂತರ. ಎಸ್ಸೆಗೆ 6ರವರೆಗೆ ಕೊಡ್ತಾರೆ, ಸಾಮಾನ್ಯವಾಗಿ ಒಂದಕ್ಕಿಂತ ಹೆಚ್ಚು ಸಲ ಸ್ಕೋರ್ ಆಗಿರುತ್ತೆ, ತುಂಬಾ ವ್ಯತ್ಯಾಸ ಬಂದ್ರೆ ಮತ್ತೊಬ್ರು ನೋಡ್ತಾರೆ. ಅಂದ್ರೆ ದೊಡ್ಡ ತಪ್ಪು ಮೊದ್ಲೇ ಸಿಕ್ಕಿಬೀಳೋ ವ್ಯವಸ್ಥೆ ಇದೆ, ರೀಸ್ಕೋರಲ್ಲಿ ಬದಲಾದ್ರೂ ಸ್ವಲ್ಪನೇ ಬದಲಾಗೋದು. ಗೆರೆಗೆ ಎರಡು ಕಮ್ಮಿ ಇದ್ದಾಗ ಆ ಸ್ವಲ್ಪ ಸಾಕಾಗಬಹುದು. ಎಂಟು ಹತ್ತು ಕಮ್ಮಿ ಇದ್ದಾಗ ಎಸ್ಸೆ ಅನುಮಾನ ಎಷ್ಟೇ ನಿಜ ಇದ್ರೂ ಕೈಗೆಟುಕಲ್ಲ.

ಕೊನೇದು ಸಮಯ. ಪ್ರಾಕ್ಸಿಸಲ್ಲಿ ಅದೇ ಟೆಸ್ಟ್ ಮತ್ತೆ ಬರೆಯೋಕೆ 28 ದಿನ ಕಾಯ್ಬೇಕು. ನೀವು ಹೆಂಗೂ ಕಾಯ್ಲೇಬೇಕಾದ ಆ ದಿನಗಳಲ್ಲಿ ರೀಸ್ಕೋರ್ ನಡೆದ್ರೆ ನಷ್ಟ ಇಲ್ಲ. ಆದ್ರೆ ರೀಸ್ಕೋರ್ ಬರ್ಲಿ ಆಮೇಲೆ ಓದೋಣ ಅಂತ ಪುಸ್ತಕ ಮುಚ್ಚಿಟ್ರೆ, ಅದು ಅದೇ ನಂಬರ್ ಹೊತ್ಕೊಂಡು ಬಂದಾಗ ಎರಡು ತಿಂಗಳು ಹೋಗಿರುತ್ತೆ, ಶಾಲೆಗಳು ಆಗಸ್ಟ್ ಸೆಪ್ಟೆಂಬರಲ್ಲಿ ಜಾಗ ತುಂಬ್ಕೊಂಡುಬಿಟ್ಟಿರ್ತಾವೆ. ಅದಕ್ಕೆ ರೀಸ್ಕೋರ್ ಹಾಕಿದ ದಿನನೇ ರೀಟೇಕ್ ಡೇಟೂ ಬುಕ್ ಮಾಡಿ.

ಫಾರ್ಮ್ ತುಂಬೋ ಮುಂಚೆ ನಿಮ್ಮ ಅಕೌಂಟಲ್ಲಿ ನಾಲ್ಕು ಪ್ರಶ್ನೆಗೆ ಉತ್ತರ ಹುಡುಕಿ: ನಿಮ್ಮ ಟೆಸ್ಟ್ ಕೋಡಿಗೆ ಈ ಸೇವೆ ಇದೆಯಾ, ಕೊನೇ ದಿನ ಯಾವುದು, ಫೀಸ್ ಎಷ್ಟು ಮತ್ತೆ ಸ್ಕೋರ್ ಬದಲಾದ್ರೆ ಅದು ವಾಪಸ್ ಬರುತ್ತಾ, ಮತ್ತೆ ಸ್ಕೋರ್ ಕಮ್ಮಿ ಆದ್ರೆ ಯಾವುದು ಅಧಿಕೃತ ಆಗುತ್ತೆ. ಕೊನೇದನ್ನ ಬಿಡ್ಬೇಡಿ. ಇಟಿಎಸ್‌ನದ್ದೇ ಟೋಫೆಲ್‌ನಲ್ಲಿ ರಿವ್ಯೂ ಆದ್ಮೇಲೆ ಬಂದ ಸ್ಕೋರೇ ಅಧಿಕೃತ, ಇಳಿದಿದ್ರೂ ಅದೇ. ಪ್ರಾಕ್ಸಿಸಲ್ಲಿ ಫೇಲ್ ಆದವ್ರಿಗೆ ಎರಡು ಇಳಿದ್ರೆ ದೊಡ್ಡ ನಷ್ಟ ಇಲ್ಲ, ಆದ್ರೆ ಒಂದು ರಾಜ್ಯದ ಗೆರೆ ದಾಟಿರೋ ಸ್ಕೋರನ್ನ ಇನ್ನೊಂದು ರಾಜ್ಯಕ್ಕೋಸ್ಕರ ರೀಸ್ಕೋರಿಗೆ ಹಾಕೋವಾಗ ಎರಡು ಸಲ ಯೋಚ್ನೆ ಮಾಡಿ.

ರೀಸ್ಕೋರ್ ಅಲ್ಲದ ದೂರುಗಳು

ಟೆಸ್ಟ್ ನಡುವೆ ಕಂಪ್ಯೂಟರ್ ಹ್ಯಾಂಗ್ ಆಗಿ ಎಸ್ಸೆಯ ಅರ್ಧ ಹೋಯ್ತು, ಪಕ್ಕದಲ್ಲಿ ರಿಪೇರಿ ಕೆಲ್ಸದ ಗದ್ದಲ ಇತ್ತು, ಮನೆಯಿಂದ ಬರೆಯೋವಾಗ ಟೆಸ್ಟ್ ಮೇಲೆ ಕಣ್ಣಿಡೋ ಪ್ರಾಕ್ಟರ್ ಸಂಪರ್ಕ ಪದೇ ಪದೇ ಕಡೀತು, ಇವೆಲ್ಲಾ ರೀಸ್ಕೋರಿಂದ ಸರಿ ಆಗಲ್ಲ. ರೀಸ್ಕೋರ್ ಮಾಡೋರಿಗೆ ಕಾಣೋದು ಸೇವ್ ಆದ ಉತ್ತರ ಮಾತ್ರ, ಅರ್ಧ ಎಸ್ಸೆ ಅವರಿಗೆ ಅರ್ಧ ಎಸ್ಸೆಯೇ. ಅದಕ್ಕೆ ಟೆಸ್ಟ್ ದಿನದ ತೊಂದ್ರೆ ಅಂತ ಬೇರೆ ದೂರಿದೆ, ಅಲ್ಲೇ ಪ್ರಾಕ್ಟರಿಗೆ ಹೇಳಿ ದಾಖಲೆ ಮಾಡಿಸಿ, ಅವತ್ತೇ ಅಥವಾ ಮಾರನೇ ದಿನನೇ ಮೇಲ್ ಹಾಕಿ, ಎಷ್ಟು ಗಂಟೆಗೆ ಏನಾಯ್ತು ಅಂತ ಬರೀರಿ. ಸ್ಕೋರ್ ಬರ್ಲಿ, ಪಾಸಾದ್ರೆ ಯಾಕೆ ದೂರು ಅಂತ ಕಾಯೋರೇ ಜಾಸ್ತಿ, ಅಷ್ಟೊತ್ತಿಗೆ ದೂರಿನ ಅವಧಿ ಮುಗಿದಿರುತ್ತೆ.

ಅದೇ ಥರ ಒಂದು ಪ್ರಶ್ನೆನೇ ತಪ್ಪು, ಅಥವಾ ಅದಕ್ಕೆ ಎರಡು ಸರಿ ಉತ್ತರ ಇದೆ ಅಂತ ನಿಮಗೆ ಖಾತ್ರಿ ಇದ್ರೆ ಅದೂ ಬೇರೆ ಬಾಗಿಲು, ಪ್ರಶ್ನೆ ಬಗ್ಗೆ ವಿಚಾರಣೆ ಅಂತ ಕೇಳ್ಬೇಕು. ಆಯ್ಕೆ ಪ್ರಶ್ನೆಗಳ ಟೆಸ್ಟಲ್ಲಿ ಸ್ಕೋರ್ ಬದಲಾಗೋ ನಿಜವಾದ ದಾರಿ ಇದೊಂದೇ, ಯಾಕಂದ್ರೆ ಇಲ್ಲಿ ಬದಲಾಗೋದು ಸರಿ ಉತ್ತರದ ಪಟ್ಟಿ.

ಆ ಹುಡುಗಿ ಏನ್ ಮಾಡಿದ್ಳು

ಮ್ಯಾಥ್ಸ್ ವಿಷ್ಯ ಐದು ನಿಮಿಷದಲ್ಲಿ ಮುಗೀತು. ರೈಟಿಂಗಿಗೆ ನಾಲ್ಕು ಕಮ್ಮಿ, ಎಸ್ಸೆ ರೇಂಜಿನ ಮಧ್ಯ, ಹೋಗಿದ್ದೆಲ್ಲಾ ವ್ಯಾಕರಣದಲ್ಲಿ, ಹಂಗಾಗಿ ಅಲ್ಲೂ ರೀಸ್ಕೋರ್ ಬೇಡ ಅಂತಾಯ್ತು. ರೀಡಿಂಗ್ ಪಾಸಾಗಿತ್ತು, ಅದನ್ನ ಮತ್ತೆ ಬರೀಬೇಕಾಗಿಲ್ಲ, ಮೂರೂ ಒಟ್ಟಿಗೆ ಬರೆದಿದ್ರೂ ಸ್ಕೋರು ಬೇರೆ ಬೇರೆ. ಬೇಕಾದ ಎರಡನ್ನ ಮಾತ್ರ ಬುಕ್ ಮಾಡಿದ್ಳು. ಐದು ವಾರ ಪ್ರತಿ ದಿನ ಮಗಳನ್ನ ಮಲಗಿಸಿದ್ಮೇಲೆ ನಲವತ್ತು ನಿಮಿಷ, ಎಸ್ಸೆ ಒಂದೂ ಬರೀಲಿಲ್ಲ, ಬರೀ ವಾಕ್ಯ ತಿದ್ದೋ ಪ್ರಶ್ನೆಗಳು, ತಪ್ಪಾದ ಪ್ರತಿಯೊಂದನ್ನೂ ಒಂದು ನೋಟ್‌ಬುಕ್ಕಲ್ಲಿ ಯಾವ ನಿಯಮ ಅಂತ ಬರೆದಿಟ್ಳು. ರೈಟಿಂಗ್ 164, ಮ್ಯಾಥ್ಸ್ 156 ಬಂತು.

ಅದಾಗಿ ಕೆಲವು ತಿಂಗಳಿಗೆ ಅವಳ ಪರಿಚಯದವ್ರೊಬ್ರು ಬಂದ್ರು, ಮೈಸೂರಿನವ್ರು. ಅವ್ರದ್ದು ರೈಟಿಂಗ್ 160, ವ್ಯಾಕರಣದಲ್ಲಿ ರೇಂಜಿಗಿಂತ ಮೇಲೆ, ಎಸ್ಸೆಯಲ್ಲಿ ರೇಂಜಿಗಿಂತ ಕೆಳಗೆ, ಎರಡೂ ಎಸ್ಸೆ ಪೂರ್ತಿ ಮುಗಿಸಿದ್ದು ಚೆನ್ನಾಗಿ ನೆನಪಿದೆ ಅಂದ್ರು, ಶಾಲೆಯೊಂದು ಕೆಲ್ಸ ಕೊಡ್ತೀನಿ ಅಂತ ಕಾಯ್ತಿತ್ತು. ಆ ರಿಪೋರ್ಟ್ ನೋಡಿ ನಾನೇ "ಹಾಕಿ ಮೇಡಂ, ಆದ್ರೆ ಇವತ್ತೇ ರೀಟೇಕೂ ಬುಕ್ ಮಾಡಿ" ಅಂದೆ. ರೀಸ್ಕೋರಲ್ಲಿ 160 ಹಾಗೇ ಉಳೀತು. ರೀಟೇಕ್ ಅದಕ್ಕೆ ಒಂಬತ್ತು ದಿನ ಆದ್ಮೇಲೆ ಇತ್ತು, ಅವ್ರು ಓದೋದು ನಿಲ್ಲಿಸಿರ್ಲಿಲ್ಲ, ಅದ್ರಲ್ಲಿ 166 ಬಂತು.